ಮಳೆ ಬಂದಾಗಲೇ ಏಕೆ ಉಕ್ಕಿತು ಬೆಳ್ಳಂದೂರಿನ ನೊರೆ?

ಬೆಂಗಳೂರಿನ ಬೆಳ್ಳಂದೂರು ಕೆರೆ ಕಳೆದ ದಶಕದಲ್ಲಿ ಎರಡು ಕಾರಣಕ್ಕೆ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಒಂದು ಬೆಂಕಿ, ಇನ್ನೊಂದು ನೊರೆ. 2015ರಲ್ಲಿ, 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಂಗಳದಲ್ಲಿ ಬೆಂಕಿ ಹತ್ತಿಕೊಂಡಿತು. ನೊರೆ ಮಾತ್ರ ಹೀಗೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಅತಿಥಿಯಾಗಿರಲಿಲ್ಲ. ಯಮಲೂರು ಕಡೆಯ ಕೋಡಿಯಲ್ಲಿ ಅದು ಆಳೆತ್ತರಕ್ಕೆ ಎದ್ದು, ಗಾಳಿಗೆ ಕಿತ್ತುಕೊಂಡು ರಸ್ತೆಗೆ ಬಂದು, ಬೈಕ್ ಸವಾರರ ಮೈಮೇಲೆ ಬೀಳುತ್ತಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು.

ಈ ನೊರೆಯನ್ನು ಕಂಡವರೆಲ್ಲ ಒಂದು ಪ್ರಶ್ನೆ ಕೇಳಿದ್ದಾರೆ: ಕೆರೆ ಹೀಗೇಕೆ ಕೆಟ್ಟುಹೋಯಿತು? ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರವೂ ಎಲ್ಲರಿಗೂ ಗೊತ್ತು. ಊರು ಬೆಳೆಯಿತು, ಒಳಚರಂಡಿ ನೀರು ರಾಜಕಾಲುವೆಗೆ ಸೇರಿತು, ರಾಜಕಾಲುವೆ ಕೆರೆಗೆ ಸೇರಿತು. ಆದರೆ ಇಷ್ಟು ತಿಳಿದ ಮಾತ್ರಕ್ಕೆ ನೊರೆಯ ಬಗ್ಗೆ ಏನೂ ತಿಳಿದಂತಾಗುವುದಿಲ್ಲ. ಕೊಳಚೆ ನೀರು ವರ್ಷದ ಎಲ್ಲ ದಿನವೂ ಬರುತ್ತದೆ. ನೊರೆ ಮಾತ್ರ ಜೋರು ಮಳೆಯ ನಂತರ ವಿಪರೀತವಾಗುತ್ತದೆ. ಮಳೆ ನೀರು ಬೆರೆತರೆ ಸೋಪು ತೆಳುವಾಗಬೇಕು, ನೊರೆ ಕಡಿಮೆಯಾಗಬೇಕು. ಇಲ್ಲಿ ಆಗಿದ್ದು ತದ್ವಿರುದ್ಧ.

ಪರಿಸರ ವಿಜ್ಞಾನದ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿಂದ. ಕಣ್ಣಿಗೆ ಬಿದ್ದ ಹೊಲಸಿನಿಂದ, ಬಾಟಲಿ ಹಿಡಿದು ಹೋಗಿ ಉತ್ತರ ತರಬಹುದಾದ ಒಂದೇ ಒಂದು ಪ್ರಶ್ನೆಯವರೆಗೆ ಹೇಗೆ ನಡೆದುಹೋಗಬೇಕು ಎಂಬುದನ್ನು ಬೆಳ್ಳಂದೂರಿನ ನೊರೆಯನ್ನೇ ಹಿಡಿದುಕೊಂಡು ನೋಡೋಣ. ಸಂಶೋಧನೆಗೆ ಅರ್ಜಿ ಹಾಕುವ ವಿದ್ಯಾರ್ಥಿ ಬರೆಯಬೇಕಾದ ಒಂದು ಪುಟದ ನಿರೂಪಣೆಯಲ್ಲೂ ತೀರಾ ಕಷ್ಟವಾದದ್ದು ಈ ನಡಿಗೆಯೇ.

ಎಲ್ಲ ಕೆರೆಗೂ ಒಪ್ಪುವ ವಾಕ್ಯ

ಇಂಥ ನಿರೂಪಣೆಗಳು ಸಾಮಾನ್ಯವಾಗಿ ಹೀಗಿರುತ್ತವೆ: "ನಮ್ಮ ಮನೆಯ ಹತ್ತಿರದ ಕೆರೆ ತೀವ್ರವಾಗಿ ಕಲುಷಿತಗೊಂಡಿದೆ. ನೀರು ದುರ್ವಾಸನೆ ಬೀರುತ್ತದೆ, ನೊರೆ ಏಳುತ್ತದೆ, ಮೀನುಗಳು ಸಾಯುತ್ತವೆ. ನಗರೀಕರಣದಿಂದ ಕೆರೆಗಳ ಮೇಲಾಗುವ ಪರಿಣಾಮವನ್ನು ಅಧ್ಯಯನ ಮಾಡಿ ಪರಿಹಾರ ಕಂಡುಹಿಡಿಯಬೇಕೆಂಬುದು ನನ್ನ ಉದ್ದೇಶ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೆರೆಯ ಹೆಸರು ತೆಗೆದು ಹಲಸೂರು ಕೆರೆ ಎಂದು ಬರೆದರೂ, ಹೈದರಾಬಾದಿನ ಹುಸೇನ್ ಸಾಗರ ಎಂದು ಬರೆದರೂ ಒಂದಕ್ಷರ ಬದಲಾಗುವುದಿಲ್ಲ. ದುರ್ವಾಸನೆ, ನೊರೆ, ಮೀನಿನ ಸಾವು ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ, ಅಳೆಯುವ ಬಗೆಯೂ ಬೇರೆ ಬೇರೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದವರಿಗೆ ನಾಳೆ ಬೆಳಗ್ಗೆ ಕೆರೆಗೆ ಹೋದರೆ ಯಾವ ಜಾಗದಲ್ಲಿ ನಿಲ್ಲಬೇಕು, ಏನನ್ನು ತುಂಬಿಸಿಕೊಳ್ಳಬೇಕು ಎಂಬುದು ತಿಳಿಯುವುದಿಲ್ಲ. ಜೊತೆಗೆ, "ಪರಿಣಾಮ ಇದೆ" ಎಂಬ ಉತ್ತರ ಮೊದಲೇ ಗೊತ್ತಿರುವುದರಿಂದ, ಈ ಅಧ್ಯಯನದಲ್ಲಿ ಸೋಲುವ ಸಾಧ್ಯತೆಯೇ ಇಲ್ಲ. ಸೋಲಲಾರದ ಪ್ರಶ್ನೆಯಿಂದ ಹೊಸ ತಿಳಿವಳಿಕೆಯೂ ಹುಟ್ಟುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ನೋಡಿದ್ದನ್ನು ಇನ್ನೊಮ್ಮೆ, ಹತ್ತಿರದಿಂದ ನೋಡಬೇಕು. ನೊರೆ ಎಲ್ಲಿದೆ, ಯಾವಾಗ ಬರುತ್ತದೆ, ಎಲ್ಲಿ ಇಲ್ಲ, ಯಾವಾಗ ಬರುವುದಿಲ್ಲ ಎಂದು ಬೇರ್ಪಡಿಸಿ ಬರೆದುಕೊಳ್ಳಬೇಕು. ಬೆಳ್ಳಂದೂರಿನಲ್ಲಿ ಕೊಳಚೆ ನೀರು ಒಳಬರುವ ಕಡೆ ದೊಡ್ಡ ನೊರೆ ಇರುತ್ತಿರಲಿಲ್ಲ. ಕೆರೆಯ ನಡುವೆ ಜೊಂಡು ಹಬ್ಬಿರುತ್ತಿತ್ತು, ನೊರೆಗುಡ್ಡ ಇರುತ್ತಿರಲಿಲ್ಲ. ನೊರೆ ಏಳುತ್ತಿದ್ದದ್ದು ನೀರು ಹೊರಬೀಳುವ ಕೋಡಿಯಲ್ಲಿ. ಅಲ್ಲಿಂದ ಮುಂದೆ ವರ್ತೂರು ಕೆರೆಯ ಕೋಡಿಯಲ್ಲಿ ಮತ್ತೆ ಏಳುತ್ತಿತ್ತು. ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡು ಸೇರಿದ ಮೇಲೂ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಿಂದ ನೀರು ಬಿಟ್ಟಾಗ ನೊರೆ ಕಾಣಿಸಿಕೊಂಡಿದೆ. ಅಂದರೆ ನೀರು ಎತ್ತರದಿಂದ ಬೀಳುವ ಜಾಗಕ್ಕೂ ನೊರೆಗೂ ನಂಟಿದೆ. ಮಳೆಗೂ ನೊರೆಗೂ ನಂಟಿದೆ. ಪ್ರಶ್ನೆಗೆ ಬೇಕಾದ ಎರಡು ಹಿಡಿಗಳು ಇವೇ: ಜಾಗ ಮತ್ತು ಹೊತ್ತು.

ನೊರೆಗೆ ಏನೇನು ಬೇಕು

ನೊರೆಯೆಂದರೆ ನೀರಿನ ತೆಳುಪೊರೆಯೊಳಗೆ ಸಿಕ್ಕಿಕೊಂಡ ಗಾಳಿ. ಶುದ್ಧ ನೀರನ್ನು ಎಷ್ಟೇ ಕಲಕಿದರೂ ಗುಳ್ಳೆಗಳು ಕ್ಷಣದಲ್ಲಿ ಒಡೆದುಹೋಗುತ್ತವೆ. ಗುಳ್ಳೆ ನಿಲ್ಲಬೇಕಾದರೆ ಅದರ ಪೊರೆಯನ್ನು ಹಿಡಿದಿಡುವ ವಸ್ತು ಬೇಕು. ಸೋಪಿನ ಪುಡಿ, ಶಾಂಪೂ, ಪಾತ್ರೆ ತೊಳೆಯುವ ದ್ರವ ಎಲ್ಲದರಲ್ಲೂ ಇರುವ ಸರ್ಫ್ಯಾಕ್ಟೆಂಟ್ ಎಂಬ ರಾಸಾಯನಿಕ ಅದೇ ಕೆಲಸ ಮಾಡುತ್ತದೆ. ಅದರ ಅಣುವಿನ ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದು ತುದಿಗೆ ಆಗದು. ಹೀಗಾಗಿ ಅದು ನೀರು ಮತ್ತು ಗಾಳಿ ಕೂಡುವ ಅಂಚಿನಲ್ಲೇ ಸಾಲುಗಟ್ಟಿ ನಿಲ್ಲುತ್ತದೆ. ಬಟ್ಟೆಯ ಜಿಡ್ಡು ಬಿಡಿಸುವುದೂ ಇದೇ ಗುಣ, ಕೋಡಿಯಲ್ಲಿ ಗುಳ್ಳೆ ಕಟ್ಟುವುದೂ ಇದೇ ಗುಣ.

ಪತ್ರಿಕೆಗಳಲ್ಲಿ ಬೆಳ್ಳಂದೂರಿನ ನೊರೆಗೆ "ಫಾಸ್ಫೇಟ್ ಕಾರಣ" ಎಂದು ಹಲವು ಸಲ ಬಂದಿದೆ. ಡಿಟರ್ಜೆಂಟ್ ಪುಡಿಗೆ ನೀರಿನ ಗಡಸುತನ ಕಳೆಯಲೆಂದು ಫಾಸ್ಫೇಟ್ ಸೇರಿಸುವುದುಂಟು. ಕೆರೆಯಲ್ಲಿ ಪಾಚಿ ಮತ್ತು ಜೊಂಡು ಹುಲುಸಾಗಿ ಬೆಳೆಯಲು ಅದು ಗೊಬ್ಬರವಾಗುತ್ತದೆ. ಆದರೆ ಫಾಸ್ಫೇಟ್ ತಾನಾಗಿ ನೊರೆ ಕಟ್ಟುವುದಿಲ್ಲ. ನೊರೆಯ ಮೂಲ ಹುಡುಕಲು ಹೊರಟವರು ವರ್ಷಗಟ್ಟಲೆ ಫಾಸ್ಫೇಟ್ ಅಳೆದರೆ ಅಂಕಿಅಂಶ ರಾಶಿ ಬೀಳುತ್ತದೆ, ಉತ್ತರ ಸಿಗುವುದಿಲ್ಲ. ಪ್ರಶ್ನೆಯಲ್ಲಿ ಯಾವ ವಸ್ತುವಿನ ಹೆಸರಿದೆ ಎಂಬುದು ಇಷ್ಟು ಮುಖ್ಯ.

ನಾವು ಬಳಸುವ ಡಿಟರ್ಜೆಂಟ್‌ಗಳಲ್ಲಿ ಹೆಚ್ಚಾಗಿರುವ ಸರ್ಫ್ಯಾಕ್ಟೆಂಟ್ ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್, ಚಿಕ್ಕದಾಗಿ ಎಲ್‌ಎಎಸ್. ಇದರ ಹಿಂದೆ ಒಂದು ಇತಿಹಾಸವಿದೆ. 1950ರ ದಶಕದಲ್ಲಿ ಯೂರೋಪು ಮತ್ತು ಅಮೆರಿಕದ ನದಿಗಳಲ್ಲಿ ಬೆಳ್ಳಂದೂರಿನಂತೆಯೇ ನೊರೆ ಏಳುತ್ತಿತ್ತು. ಆಗಿನ ಡಿಟರ್ಜೆಂಟ್‌ಗಳ ಅಣುವಿನ ಬಾಲ ಕವಲು ಕವಲಾಗಿದ್ದು, ಬ್ಯಾಕ್ಟೀರಿಯಾಗಳಿಗೆ ಅದನ್ನು ಸುಲಭವಾಗಿ ಕಡಿದು ತಿನ್ನಲು ಆಗುತ್ತಿರಲಿಲ್ಲ. 1960ರ ದಶಕದ ನಡುಭಾಗದಲ್ಲಿ ತಯಾರಕರು ಕವಲಿಲ್ಲದ, ನೇರ ಬಾಲದ ಎಲ್‌ಎಎಸ್‌ಗೆ ಬದಲಾಯಿಸಿದರು. ಅಲ್ಲಿನ ನದಿಗಳ ನೊರೆ ಬಹುಮಟ್ಟಿಗೆ ಇಳಿಯಿತು.

ಆದರೆ ಈ ಪರಿಹಾರಕ್ಕೆ ಒಂದು ಷರತ್ತು ಇತ್ತು. ಎಲ್‌ಎಎಸ್ ಅನ್ನು ಬ್ಯಾಕ್ಟೀರಿಯಾ ಬೇಗನೆ ಕೊಳೆಸುವುದು ನೀರಿನಲ್ಲಿ ಆಮ್ಲಜನಕ ಇದ್ದರೆ ಮಾತ್ರ. ಆಮ್ಲಜನಕವಿಲ್ಲದ ಕಡೆ ಅದು ಬಹಳ ಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಸಂಸ್ಕರಣೆಯಾಗದ ಕೊಳಚೆ ನೀರು ತುಂಬಿದ ಬೆಳ್ಳಂದೂರಿನಲ್ಲಿ ಕರಗಿದ ಆಮ್ಲಜನಕ ಬಹುತೇಕ ಇರಲೇ ಇಲ್ಲ. ಇದ್ದಬದ್ದ ಆಮ್ಲಜನಕವನ್ನೆಲ್ಲ ಮಲಮೂತ್ರ ಮತ್ತು ಅಡುಗೆಮನೆಯ ಕೊಳೆಯೇ ನುಂಗಿಬಿಡುತ್ತಿತ್ತು. ಕೊಳೆಯದೆ ಉಳಿದ ಎಲ್‌ಎಎಸ್ ಕೆರೆಯ ನೀರಿನಲ್ಲೇ ಇರುತ್ತದೆ, ಇಲ್ಲವೇ ತಳಕ್ಕಿಳಿಯುವ ಕೊಳೆಯ ಕಣಗಳಿಗೆ ಅಂಟಿಕೊಂಡು ಅವುಗಳೊಂದಿಗೆ ಹೂಳಾಗುತ್ತದೆ.

ನಾಲ್ಕು ಊಹೆಗಳು

ಈಗ ಮಳೆಯ ಒಗಟಿಗೆ ಮರಳೋಣ. ಮಳೆ ಬಂದಾಗ ನೊರೆ ಹೆಚ್ಚುವುದಕ್ಕೆ ಯಾವ ಯಾವ ಕಾರಣ ಇರಬಹುದು ಎಂದು ಪಟ್ಟಿ ಮಾಡಿದರೆ ಮುಖ್ಯವಾಗಿ ನಾಲ್ಕು ಸಿಗುತ್ತವೆ.

ಮೊದಲನೆಯದು, ಹೊರಗಿನಿಂದ ಹೊಸದಾಗಿ ಬರುವ ಸೋಪು. ಮಳೆ ನೀರು ಚರಂಡಿಗಳಲ್ಲಿ ನಿಂತಿದ್ದ ಕೊಳಚೆಯನ್ನೆಲ್ಲ ಒಟ್ಟಿಗೆ ಗುಡಿಸಿಕೊಂಡು ಕೆರೆಗೆ ತಂದು ಸುರಿಯುತ್ತಿರಬಹುದು. ಎರಡನೆಯದು, ಕೋಡಿಯ ಧುಮುಕು. ಕೆರೆ ತುಂಬಿ ಹರಿವು ಹೆಚ್ಚಿದಾಗ ನೀರು ರಭಸದಿಂದ ಬಿದ್ದು ಹೆಚ್ಚು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸೋಪು ಮೊದಲಿನಷ್ಟೇ ಇದ್ದರೂ ನೊರೆ ಹೆಚ್ಚಬಹುದು. ಮೂರನೆಯದು, ತಳದ ಹೂಳು. ಒಳನುಗ್ಗುವ ನೀರು ತಳವನ್ನು ಕಲಕಿ, ವರ್ಷಗಳಿಂದ ಹೂಳಿಗೆ ಅಂಟಿ ಕುಳಿತಿದ್ದ ಸರ್ಫ್ಯಾಕ್ಟೆಂಟನ್ನು ಬಿಡಿಸಿ ನೀರಿಗೆ ಬಿಡುತ್ತಿರಬಹುದು. ನಾಲ್ಕನೆಯದು, ನೀರಿನಲ್ಲಿ ತೇಲುವ ಸಣ್ಣ ಕಣಗಳು ಮತ್ತು ಬ್ಯಾಕ್ಟೀರಿಯಾ. ಇವು ಗುಳ್ಳೆಯ ಪೊರೆಯಲ್ಲಿ ಸೇರಿಕೊಂಡು ಅದು ಬೇಗ ಒಡೆಯದಂತೆ ನೋಡಿಕೊಳ್ಳುತ್ತಿರಬಹುದು.

ನಾಲ್ಕೂ ನಂಬುವಂತಿವೆ, ನಾಲ್ಕೂ ಒಟ್ಟಿಗೆ ನಡೆಯುತ್ತಿರಲೂಬಹುದು. ಆದರೆ ಒಂದೊಂದರಿಂದಲೂ ಸರ್ಕಾರ ಮಾಡಬೇಕಾದ ಕೆಲಸ ಬೇರೆಯಾಗುತ್ತದೆ. ಮೊದಲನೆಯದೇ ಮುಖ್ಯವಾದರೆ ಒಳಚರಂಡಿಯನ್ನು ರಾಜಕಾಲುವೆಯಿಂದ ಬೇರ್ಪಡಿಸಿದರೆ ಸಾಕು. ಎರಡನೆಯದಾದರೆ ಕೋಡಿಯ ಕಟ್ಟಡವನ್ನೇ ಬದಲಿಸಬೇಕು. ಮೂರನೆಯದಾದರೆ, ಇಂದೇ ಕೊಳಚೆ ನೀರೆಲ್ಲ ನಿಂತರೂ ನೊರೆ ನಿಲ್ಲುವುದಿಲ್ಲ. ತಳದ ಹೂಳು ಖಾಲಿಯಾಗುವವರೆಗೆ ಪ್ರತಿ ಮಳೆಗಾಲದಲ್ಲೂ ಅದು ಏಳುತ್ತಲೇ ಇರುತ್ತದೆ. ಇವುಗಳನ್ನು ಬೇರ್ಪಡಿಸುವ ಪ್ರಶ್ನೆಯೇ ಕೇಳಲು ಯೋಗ್ಯವಾದ ಪ್ರಶ್ನೆ.

ಅದನ್ನು ಹೀಗೆ ಬರೆಯಬಹುದು: "ಬೆಳ್ಳಂದೂರು ಕೆರೆಯಲ್ಲಿ ಜೋರು ಮಳೆಯ ನಂತರದ ಮೊದಲ ಎರಡು ದಿನ ಕೋಡಿಯಿಂದ ಹೊರಹೋಗುವ ನೀರಿನಲ್ಲಿರುವ ಸರ್ಫ್ಯಾಕ್ಟೆಂಟಿನಲ್ಲಿ ಎಷ್ಟು ಪಾಲು ಒಳಬರುವ ನೀರಿನದು, ಎಷ್ಟು ಪಾಲು ತಳದ ಹೂಳಿನಿಂದ ಬಿಡುಗಡೆಯಾದದ್ದು?" ಜಾಗ, ಹೊತ್ತು, ಅಳೆಯಬೇಕಾದ ವಸ್ತು, ಹೋಲಿಸಬೇಕಾದ ಎರಡು ಮೂಲ, ಎಲ್ಲವೂ ಇದರಲ್ಲಿವೆ. ಉತ್ತರ ಒಂದು ಸಂಖ್ಯೆಯಾಗಿ ಬರುತ್ತದೆ. ಹೂಳಿನ ಪಾಲು ಸೊನ್ನೆ ಎಂದು ಬಂದರೆ ನಮ್ಮ ಊಹೆ ಬಿದ್ದುಹೋಗುತ್ತದೆ. ಬೀಳುವ ಸಾಧ್ಯತೆ ಇರುವುದರಿಂದಲೇ ಅದು ನಿಂತರೆ ಅದಕ್ಕೆ ಬೆಲೆ.

ಅಳೆಯುವುದು ಹೇಗೆ

ನೀರಿನಲ್ಲಿರುವ ಸರ್ಫ್ಯಾಕ್ಟೆಂಟನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಮೆಥಿಲೀನ್ ಬ್ಲೂ ವಿಧಾನ. ಮೆಥಿಲೀನ್ ಬ್ಲೂ ನೀರಿನಲ್ಲಿ ಕರಗುವ ನೀಲಿ ಬಣ್ಣ, ಕ್ಲೋರೊಫಾರ್ಮ್‌ಗೆ ತಾನಾಗಿ ಹೋಗುವುದಿಲ್ಲ. ಎಲ್‌ಎಎಸ್‌ನಂಥ ಸರ್ಫ್ಯಾಕ್ಟೆಂಟ್ ಸಿಕ್ಕರೆ ಅದರೊಂದಿಗೆ ಜೋಡಿಯಾಗುತ್ತದೆ, ಆ ಜೋಡಿ ಮಾತ್ರ ಕ್ಲೋರೊಫಾರ್ಮ್‌ಗೆ ಇಳಿಯುತ್ತದೆ. ಕೆರೆಯ ನೀರನ್ನು ಸೆಪರೇಟಿಂಗ್ ಫನಲ್‌ಗೆ ಹಾಕಿ, ಬಣ್ಣ ಮತ್ತು ಕ್ಲೋರೊಫಾರ್ಮ್ ಸೇರಿಸಿ ಅಲುಗಿಸಿ ಬಿಟ್ಟರೆ, ಭಾರವಾದ ಕ್ಲೋರೊಫಾರ್ಮ್ ಕೆಳಗೆ ನಿಲ್ಲುತ್ತದೆ. ಸರ್ಫ್ಯಾಕ್ಟೆಂಟ್ ಇದ್ದಷ್ಟೂ ಆ ಕೆಳಪದರ ನೀಲಿಯಾಗುತ್ತದೆ. ಅದನ್ನು ಇಳಿಸಿಕೊಂಡು, ಇನ್ನೆರಡು ಸಲ ಹೀಗೆಯೇ ಮಾಡಿ, ತೊಳೆದು, 652 ನ್ಯಾನೊಮೀಟರ್ ಬೆಳಕಿನಲ್ಲಿ ಸ್ಪೆಕ್ಟ್ರೊಫೋಟೊಮೀಟರ್‌ಗೆ ಹಿಡಿದರೆ ಎಷ್ಟು ನೀಲಿ ಎಂಬುದು ಅಂಕಿಯಾಗಿ ಸಿಗುತ್ತದೆ. ಮೊದಲೇ ಗೊತ್ತಿರುವ ಪ್ರಮಾಣದ ಎಲ್‌ಎಎಸ್ ದ್ರಾವಣಗಳಿಗೂ ಹೀಗೇ ಮಾಡಿ, ಅವುಗಳ ಜೊತೆ ಹೋಲಿಸಿ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ.

ಇದರಲ್ಲಿ ಎಡವಟ್ಟಾಗುವ ಜಾಗಗಳು ಕೆರೆಯಲ್ಲೇ ಶುರುವಾಗುತ್ತವೆ. ನೊರೆಯಲ್ಲಿ ಸರ್ಫ್ಯಾಕ್ಟೆಂಟ್ ಕೆಳಗಿನ ನೀರಿಗಿಂತ ಹೆಚ್ಚು ಸಾಂದ್ರವಾಗಿರುತ್ತದೆ. ಬಾಟಲಿಗೆ ತುಸು ನೊರೆ ಸೇರಿದರೂ ಲೆಕ್ಕ ಏರುತ್ತದೆ. ಆದ್ದರಿಂದ ನೊರೆಯನ್ನು ಸರಿಸಿ, ಮೇಲ್ಮೈಗಿಂತ ಕೆಳಗಿನ ನೀರನ್ನು, ಕಲಕದಂತೆ ನಿಧಾನವಾಗಿ ತುಂಬಬೇಕು. ತುಂಬಿದ್ದನ್ನು ತಂಪಾಗಿಟ್ಟು ಬೇಗ ಪರೀಕ್ಷಿಸಬೇಕು. ತಡವಾದರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾವೇ ಎಲ್‌ಎಎಸ್ ತಿಂದು ಮುಗಿಸುತ್ತದೆ. ಕೆರೆಯಲ್ಲಿ ಇಲ್ಲದ ಆಮ್ಲಜನಕ ಬಾಟಲಿಯ ಮೇಲ್ಭಾಗದ ಗಾಳಿಯಲ್ಲಿ ಅದಕ್ಕೆ ಸಿಗುತ್ತದಲ್ಲ!

ಇನ್ನೊಂದು ತೊಡಕು ಬೆಳ್ಳಂದೂರಿನಂಥ ಕೆರೆಗೇ ವಿಶೇಷವಾದದ್ದು. ಕಪ್ಪಾದ, ಕೊಳೆತ ಮೊಟ್ಟೆಯ ವಾಸನೆಯ ನೀರಿನಲ್ಲಿ ಸಲ್ಫೈಡ್ ಇರುತ್ತದೆ. ಅದು ಮೆಥಿಲೀನ್ ಬ್ಲೂ ಜೊತೆ ಸೇರಿ ಅದರ ಬಣ್ಣವನ್ನೇ ಹಾರಿಸುತ್ತದೆ. ಆಗ ಸರ್ಫ್ಯಾಕ್ಟೆಂಟ್ ಧಾರಾಳವಾಗಿದ್ದರೂ ಯಂತ್ರ ಕಡಿಮೆ ತೋರಿಸುತ್ತದೆ. ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸಲ್ಫೈಡನ್ನು ತೀರಿಸಿಕೊಳ್ಳುವುದು ಇದಕ್ಕೆ ಪರಿಹಾರ. ಎಡವಟ್ಟು ಆಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸರಳ ದಾರಿಯೂ ಇದೆ. ಅದೇ ಕೆರೆ ನೀರಿಗೆ ಗೊತ್ತಿರುವಷ್ಟು ಎಲ್‌ಎಎಸ್ ನಾವೇ ಸೇರಿಸಿ ಮತ್ತೆ ಅಳೆಯುವುದು. ಸೇರಿಸಿದ್ದು ಪೂರ್ತಿ ಲೆಕ್ಕಕ್ಕೆ ಬಾರದಿದ್ದರೆ ಏನೋ ಅಡ್ಡ ಬರುತ್ತಿದೆ ಎಂದರ್ಥ.

ತೆಳುವಾದದ್ದನ್ನು ಹಿಡಿಯುವ ಅಳತೆಗೋಲು

ಸರ್ಫ್ಯಾಕ್ಟೆಂಟ್ ಎಷ್ಟಿದೆ ಎಂದು ತಿಳಿದರೆ ಸಾಲದು, ಮಳೆಯಿಂದ ಅದು ಎಷ್ಟು ತೆಳುವಾಗಬೇಕಿತ್ತು ಎಂಬುದೂ ಗೊತ್ತಿರಬೇಕು. ಇದಕ್ಕೆ ನೀರಿನ ವಿದ್ಯುತ್ ವಾಹಕತೆಯನ್ನು ಬಳಸಿಕೊಳ್ಳಬಹುದು. ಕೊಳಚೆ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಆದ್ದರಿಂದ ವಾಹಕತೆಯೂ ಹೆಚ್ಚು. ಮಳೆ ನೀರಿನಲ್ಲಿ ಬಹಳ ಕಡಿಮೆ. ಇದನ್ನು ಅಳೆಯುವ ಮೀಟರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ದುಬಾರಿಯಲ್ಲ. ಮಳೆಯ ನಂತರ ಕೋಡಿಯ ನೀರಿನ ವಾಹಕತೆ ಅರ್ಧಕ್ಕಿಳಿದರೆ, ಹೆಚ್ಚುಕಡಿಮೆ ಒಂದು ಪಾಲು ಕೆರೆ ನೀರಿಗೆ ಒಂದು ಪಾಲು ಮಳೆ ನೀರು ಬೆರೆತಿದೆ ಎನ್ನಬಹುದು. ಸರ್ಫ್ಯಾಕ್ಟೆಂಟೂ ಅರ್ಧಕ್ಕಿಳಿದಿದ್ದರೆ ಹೊಸದೇನೂ ಸೇರಿಲ್ಲ. ಇಳಿಯದಿದ್ದರೆ ಎಲ್ಲಿಂದಲೋ ಬಂದು ಸೇರಿದೆ.

ಒಂದು ಲೆಕ್ಕ ಹಾಕಿ ನೋಡೋಣ. ಇವು ಬೆಳ್ಳಂದೂರಿನಲ್ಲಿ ಅಳೆದ ಅಂಕಿಗಳಲ್ಲ, ಲೆಕ್ಕದ ದಾರಿ ತಿಳಿಯಲು ಇಟ್ಟುಕೊಂಡವು. ಮಳೆಗೆ ಮುಂಚೆ ಕೋಡಿಯ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಸರ್ಫ್ಯಾಕ್ಟೆಂಟ್ ಇತ್ತು. ಮಳೆಯಿಂದ ನೀರು ಇಮ್ಮಡಿಯಾಯಿತು, ಅಂದರೆ ಅದು 2.5 ಮಿಲಿಗ್ರಾಂಗೆ ಇಳಿಯಬೇಕು. ತಳದ ಹೂಳಿನಲ್ಲಿ, ಒಣಗಿಸಿ ತೂಗಿದಾಗ, ಗ್ರಾಂಗೆ 2 ಮಿಲಿಗ್ರಾಂ ಸರ್ಫ್ಯಾಕ್ಟೆಂಟ್ ಅಂಟಿಕೊಂಡಿದೆ, ಕಲಕಿದರೆ ಅದರಲ್ಲಿ ಅರ್ಧ ನೀರಿಗೆ ಬಿಡುತ್ತದೆ ಎಂದುಕೊಳ್ಳಿ. ಲೀಟರ್ ನೀರಿಗೆ 1 ಗ್ರಾಂ ಹೂಳು ಎದ್ದರೆ 1 ಮಿಲಿಗ್ರಾಂ ಸೇರಿ ಒಟ್ಟು 3.5 ಆಗುತ್ತದೆ. ಇದು ಮೊದಲಿದ್ದ 5ಕ್ಕಿಂತ ಕಡಿಮೆ. ಲೀಟರಿಗೆ 3 ಗ್ರಾಂ ಹೂಳು ಎದ್ದರೆ 3 ಮಿಲಿಗ್ರಾಂ ಸೇರಿ 5.5 ಆಗುತ್ತದೆ, ಮೊದಲಿಗಿಂತ ಹೆಚ್ಚು.

"ಹೂಳಿನಿಂದ ಸೋಪು ಬರುತ್ತದೆ" ಎಂದು ಹೇಳಿದರಷ್ಟೇ ಸಾಲದು ಎಂಬುದು ಈ ಪುಟ್ಟ ಲೆಕ್ಕದಿಂದ ಗೊತ್ತಾಗುತ್ತದೆ. ಹೂಳು ಎಷ್ಟು ಏಳುತ್ತದೆ, ಎಷ್ಟು ಬಿಟ್ಟುಕೊಡುತ್ತದೆ ಎಂಬ ಎರಡು ಅಂಕಿಗಳ ಮೇಲೆ ಇಡೀ ಊಹೆ ನಿಂತಿದೆ. ಮೊದಲನೆಯದಕ್ಕೆ ಮಳೆಯ ಮುಂಚೆ ಮತ್ತು ನಂತರ ಕೋಡಿಯ ನೀರನ್ನು ಸೋಸಿ, ಸೋಸುಕಾಗದದ ಮೇಲೆ ಉಳಿದದ್ದನ್ನು ಒಣಗಿಸಿ ತೂಗಬೇಕು. ಎರಡನೆಯದಕ್ಕೆ ತಳದ ಹೂಳನ್ನು ತಂದು, ಗೊತ್ತಿರುವಷ್ಟು ನೀರಿನಲ್ಲಿ ಕಲಕಿ, ತಿಳಿಯಾಗಲು ಬಿಟ್ಟು, ಮೇಲಿನ ನೀರಿನಲ್ಲಿ ಎಷ್ಟು ಸರ್ಫ್ಯಾಕ್ಟೆಂಟ್ ಬಂತೆಂದು ನೋಡಬೇಕು.

ಹೊರಗಿನಿಂದ ಬಂದದ್ದನ್ನು ಬೇರ್ಪಡಿಸಲು ಇಷ್ಟೇ ಸಾಲದು. ಕೋಡಿಯಲ್ಲಿ ಒಬ್ಬರು ಬಾಟಲಿ ತುಂಬುವ ಹೊತ್ತಿನಲ್ಲೇ ಕೆರೆಗೆ ನೀರು ತರುವ ಮುಖ್ಯ ರಾಜಕಾಲುವೆಗಳಲ್ಲಿ ಇನ್ನೊಬ್ಬರು ತುಂಬುತ್ತಿರಬೇಕು, ಹರಿವನ್ನೂ ಅಳೆಯಬೇಕು. ಲೀಟರಿಗೆ ಎಷ್ಟು ಎಂಬುದನ್ನು ಎಷ್ಟು ಲೀಟರ್ ಹರಿಯಿತು ಎಂಬುದರಿಂದ ಗುಣಿಸಿದಾಗ ಮಾತ್ರ ಒಟ್ಟು ಎಷ್ಟು ಒಳಬಂತು, ಎಷ್ಟು ಹೊರಹೋಯಿತು ಎಂಬ ಜಮಾ ಖರ್ಚು ಸಿಗುತ್ತದೆ. ಮನೆಗಳಲ್ಲಿ ಬಟ್ಟೆ ಒಗೆಯುವುದು ಬೆಳಗಿನ ಹೊತ್ತು ಹೆಚ್ಚು. ಹಾಗಾಗಿ ಒಳಬರುವ ನೀರಿನ ಸೋಪು ದಿನದಲ್ಲೇ ಏರಿಳಿಯುತ್ತದೆ. ಮಳೆಯಿಲ್ಲದ ದಿನದ ಬೆಳಗ್ಗೆಯನ್ನು ಮಳೆ ದಿನದ ಸಂಜೆಯೊಡನೆ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ.

ನಾಲ್ಕನೆಯ ಊಹೆಗೆ ಇನ್ನೂ ಸರಳವಾದ ಪರೀಕ್ಷೆ ಇದೆ. ಕೋಡಿಯ ನೀರನ್ನು ಎರಡು ಭಾಗ ಮಾಡಿ, ಒಂದನ್ನು ಸೋಸಿ ಕಣಗಳನ್ನು ತೆಗೆದು, ಇನ್ನೊಂದನ್ನು ಹಾಗೇ ಇಟ್ಟು, ಎರಡನ್ನೂ ಅಳತೆಗೆರೆಯಿರುವ ಉದ್ದನೆಯ ಗಾಜಿನ ಕೊಳವೆಗಳಲ್ಲಿ ಸಮನಾಗಿ ಅಲುಗಿಸಬೇಕು. ನೊರೆ ಎಷ್ಟೆತ್ತರ ಎದ್ದಿತು, ಅರ್ಧಕ್ಕಿಳಿಯಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದುಕೊಳ್ಳಬೇಕು. ಸೋಸಿದ ನೀರಿನಲ್ಲಿ ಸರ್ಫ್ಯಾಕ್ಟೆಂಟ್ ಅಷ್ಟೇ ಇದ್ದೂ ನೊರೆ ಬೇಗ ಇಳಿದರೆ, ಅದನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಕಣಗಳೇ. ಸೋಸುವಾಗ ಕಣಗಳ ಜೊತೆ ಸ್ವಲ್ಪ ಸರ್ಫ್ಯಾಕ್ಟೆಂಟೂ ಹೋಗಿಬಿಡುತ್ತದೆ, ಆದ್ದರಿಂದ ಸೋಸಿದ ಮೇಲೆ ಮತ್ತೊಮ್ಮೆ ಅಳೆಯುವುದನ್ನು ಬಿಡುವಂತಿಲ್ಲ.

ಸಿಕ್ಕಿದ ಉತ್ತರ, ಉಳಿದ ಅನುಮಾನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದಲ್ಲಿ ಎಚ್.ಎನ್. ಚಾಣಕ್ಯ, ರೇಶ್ಮಿ ದಾಸ್ ಮತ್ತು ಸಂಗಡಿಗರು ಬೆಳ್ಳಂದೂರಿನ ನೊರೆಯ ಬೆನ್ನು ಹತ್ತಿದ್ದು ಇದೇ ದಿಕ್ಕಿನಲ್ಲಿ. ಕೆರೆಯ ಬೇರೆ ಬೇರೆ ಕಡೆಗಳಿಂದ ನೀರು ಮತ್ತು ನೊರೆಯ ಮಾದರಿಗಳನ್ನು ತಂದು, ಸರ್ಫ್ಯಾಕ್ಟೆಂಟ್ ಹೇಗೆ ಬದಲಾಗುತ್ತದೆ ಎಂದು ಹಿಂಬಾಲಿಸಿದರು.

ಅವರು ಕಟ್ಟಿಕೊಟ್ಟ ಚಿತ್ರ ಹೀಗಿದೆ. ಒಳಬಂದ ಕೊಳಚೆ ನೀರು ಕೆರೆಯನ್ನು ದಾಟಲು ಸುಮಾರು 10ರಿಂದ 15 ದಿನ ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಕೊಳೆಯ ಒಂದು ಭಾಗ ಆಮ್ಲಜನಕವಿಲ್ಲದೆಯೇ ಕೊಳೆಯುತ್ತದೆ, ಇನ್ನೊಂದು ಭಾಗ ತಳಕ್ಕಿಳಿದು ಹೂಳಾಗುತ್ತದೆ. ಸರ್ಫ್ಯಾಕ್ಟೆಂಟ್ ಕೊಳೆಯದೆ ಆ ಹೂಳಿಗೆ ಅಂಟುತ್ತಾ, ದಿನದಿಂದ ದಿನಕ್ಕೆ ಸಾಂದ್ರವಾಗುತ್ತಾ ಹೋಗುತ್ತದೆ. ಜೋರು ಮಳೆ ಬಂದಾಗ ಊರಿನ ನೀರೆಲ್ಲ ರಾತ್ರೋರಾತ್ರಿ ಕೆರೆಗೆ ನುಗ್ಗಿ ತಳವನ್ನು ಕಲಕುತ್ತದೆ. ಹೂಳಿನಲ್ಲಿದ್ದ ಸರ್ಫ್ಯಾಕ್ಟೆಂಟ್ ನೀರಿಗೆ ಬಿಡುಗಡೆಯಾಗುತ್ತದೆ. ಕೆರೆಯ ಮಟ್ಟ ಏರಿ, ಆ ನೀರು ಕೋಡಿಯಲ್ಲಿ ಸುಮಾರು 25 ಅಡಿ ಎತ್ತರದಿಂದ ಕೆಳಗಿನ ಕಾಲುವೆಗೆ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ಮಳೆ ನೀರು ಹೊತ್ತು ತರುವ ಕಣಗಳು, ಅವುಗಳಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ನೊರೆಗೆ ನೆರವಾಗುತ್ತಿರಬಹುದು, ಆದರೆ ಅದನ್ನು ಪ್ರಯೋಗಗಳಿಂದ ಖಚಿತಪಡಿಸಿಕೊಳ್ಳಬೇಕು ಎಂದೂ ಅವರು ಹೇಳಿದ್ದಾರೆ.

ಹೂಳು ಮತ್ತು ಕೋಡಿ ಎರಡೂ ಈ ಉತ್ತರದಲ್ಲಿವೆ. ತಳದಲ್ಲಿ ಸರ್ಫ್ಯಾಕ್ಟೆಂಟ್ ಎಷ್ಟೇ ಇದ್ದರೂ ನೀರು ಬೀಳುವ ಎತ್ತರವಿಲ್ಲದಿದ್ದರೆ ನೊರೆ ಅಷ್ಟಾಗಿ ಏಳುವುದಿಲ್ಲ. ಎತ್ತರ ಎಷ್ಟೇ ಇದ್ದರೂ ಸರ್ಫ್ಯಾಕ್ಟೆಂಟ್ ಇಲ್ಲದಿದ್ದರೆ ಏನೂ ಏಳುವುದಿಲ್ಲ. ಬೇಸಿಗೆಯ ದಿನದ ಕೋಡಿಯಲ್ಲಿ ಸಾಧಾರಣ ನೊರೆ, ಮಳೆಗಾಲದಲ್ಲಿ ರಸ್ತೆಗೆ ಬರುವ ನೊರೆ ಏಕೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಈ ಉತ್ತರಕ್ಕೂ ಮಿತಿಗಳಿವೆ. ಪ್ರತಿ ಮಳೆಯೂ ಬೇರೆ. ಬಿರುಸಾದ ಒಂದು ಗಂಟೆಯ ಮಳೆ ಕಲಕುವಷ್ಟು ತಳವನ್ನು ಇಡೀ ದಿನದ ಜಿಟಿಜಿಟಿ ಮಳೆ ಕಲಕಲಾರದು. ಕೆರೆಯ ಹೂಳೂ ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ. ಕೊಳಚೆ ಒಳಬರುವ ಕಡೆ ದಪ್ಪ, ಬೇರೆಡೆ ತೆಳು. ಮೆಥಿಲೀನ್ ಬ್ಲೂ ವಿಧಾನವೂ ಎಲ್‌ಎಎಸ್ ಒಂದನ್ನೇ ತೋರಿಸುವುದಿಲ್ಲ, ಅದರಂತೆಯೇ ವರ್ತಿಸುವ ಬೇರೆ ವಸ್ತುಗಳನ್ನೂ ಸೇರಿಸಿ ಲೆಕ್ಕಕ್ಕೆ ಹಿಡಿಯುತ್ತದೆ. ಖಚಿತವಾಗಬೇಕಾದರೆ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ಎಲ್‌ಎಎಸ್‌ನ ಬೇರೆ ಬೇರೆ ಉದ್ದದ ಬಾಲಗಳನ್ನು ಬಿಡಿಸಿ ನೋಡಬೇಕು. ಉದ್ದ ಬಾಲದವು ಹೂಳಿಗೆ ಹೆಚ್ಚು ಅಂಟುತ್ತವೆ. ಆದ್ದರಿಂದ ಮಳೆಯ ನಂತರ ಕೋಡಿಯ ನೀರಿನಲ್ಲಿ ಉದ್ದ ಬಾಲದ ಪಾಲು ಹೆಚ್ಚಿದ್ದರೆ ಅದು ಹೂಳಿನಿಂದಲೇ ಬಂದಿದೆ ಎಂಬುದಕ್ಕೆ ಬಲವಾದ ಸಾಕ್ಷಿ.

ನಿರೂಪಣೆಯನ್ನು ಮತ್ತೆ ಬರೆದರೆ

ಇಷ್ಟು ತಿಳಿದ ಮೇಲೆ ಮೊದಲಿನ ಆ ವಾಕ್ಯಗಳನ್ನು ಹೀಗೆ ಬರೆಯಬಹುದು: "ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಜೋರು ಮಳೆಯ ನಂತರ ನೊರೆ ಹೆಚ್ಚುತ್ತದೆ. ಮಳೆ ನೀರು ಬೆರೆತು ಸರ್ಫ್ಯಾಕ್ಟೆಂಟ್ ತೆಳುವಾಗಬೇಕಾದ ಹೊತ್ತಿನಲ್ಲೇ ಹೀಗಾಗುವುದರಿಂದ, ಕೆರೆಯೊಳಗೆ ಅದರ ಮತ್ತೊಂದು ಮೂಲ ಇರಬೇಕು. ಎಲ್‌ಎಎಸ್ ಆಮ್ಲಜನಕವಿಲ್ಲದ ಹೂಳಿನಲ್ಲಿ ಕೊಳೆಯದೆ ಉಳಿಯುತ್ತದೆ ಎಂಬುದು ತಿಳಿದಿದೆ. ಕಲಕಿದ ಹೂಳು ಎಷ್ಟನ್ನು ನೀರಿಗೆ ಬಿಡುತ್ತದೆ ಎಂಬುದನ್ನು ವಾಹಕತೆಯ ಇಳಿಕೆಗೆ ಹೋಲಿಸಿ, ಒಳಬರುವ ನೀರಿನ ಪಾಲನ್ನು ಕಳೆದು ಲೆಕ್ಕ ಹಾಕುತ್ತೇನೆ. ಹೂಳಿನ ಪಾಲು ಹೆಚ್ಚಾದರೆ, ಕೊಳಚೆ ನಿಲ್ಲಿಸಿದ ಮೇಲೂ ಎಷ್ಟು ಕಾಲ ನೊರೆ ಮುಂದುವರಿಯಬಹುದು ಎಂದು ಅಂದಾಜು ಮಾಡಲು ಸಾಧ್ಯವಾಗುತ್ತದೆ."

ಇದರಲ್ಲಿ ದುಃಖ, ಆಕ್ರೋಶದ ಮಾತುಗಳಿಲ್ಲ. ಆದರೆ ಕೆರೆಯ ಮೇಲಿನ ಕಾಳಜಿ ಮೊದಲಿನದಕ್ಕಿಂತ ಹೆಚ್ಚಿದೆ. ಪ್ರತಿ ವಾಕ್ಯವೂ ಹಿಂದಿನದರಿಂದ ಹುಟ್ಟಿದೆ: ಕಂಡದ್ದು, ಕಂಡದ್ದರಲ್ಲಿನ ವಿರೋಧಾಭಾಸ, ಈಗಾಗಲೇ ಗೊತ್ತಿರುವುದು, ಗೊತ್ತಿಲ್ಲದ ಒಂದು ಅಂಕಿ, ಅದನ್ನು ಪಡೆಯುವ ದಾರಿ, ಅದರಿಂದ ತೆಗೆದುಕೊಳ್ಳಬಹುದಾದ ತೀರ್ಮಾನ. ಈ ಸರಪಳಿಯ ಒಂದು ಕೊಂಡಿ ಬಿಟ್ಟರೂ ಓದುವವರಿಗೆ ಕೆರೆಗೂ ಪ್ರಶ್ನೆಗೂ ಏನು ಸಂಬಂಧ ಎಂಬ ಅನುಮಾನ ಬರುತ್ತದೆ. ಬೇರೆ ಕೆರೆಯ ಹೆಸರನ್ನು ಇಲ್ಲಿ ಸುಮ್ಮನೆ ಹಾಕಲು ಬರುವುದಿಲ್ಲ. ಆ ಕೆರೆಗೆ ಎತ್ತರದ ಕೋಡಿ ಇದೆಯೇ, ತಳದಲ್ಲಿ ಅಂಥ ಹೂಳಿದೆಯೇ ಎಂದು ಮೊದಲು ಹೋಗಿ ನೋಡಬೇಕಾಗುತ್ತದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಂತರದ ವರ್ಷಗಳಲ್ಲಿ ಬೆಳ್ಳಂದೂರು ಕೆರೆಯ ಹೂಳೆತ್ತುವ ಕೆಲಸಕ್ಕೆ ಕೈಹಾಕಿತು. ಕೋಟಿಗಟ್ಟಲೆ ಹಣದ ಕೆಲಸ ಅದು. ಎಷ್ಟು ಆಳದವರೆಗಿನ ಹೂಳು ಸರ್ಫ್ಯಾಕ್ಟೆಂಟ್ ಹಿಡಿದಿಟ್ಟುಕೊಂಡಿದೆ, ತೆಗೆದ ಹೂಳನ್ನು ಎಲ್ಲಿ ಹಾಕಿದರೆ ಮಳೆಗೆ ಮತ್ತೆ ತೊಳೆದು ಕೆರೆಗೆ ಬರುವುದಿಲ್ಲ, ಹೂಳೆತ್ತಿದ ನಂತರವೂ ಸಂಸ್ಕರಿಸದ ಕೊಳಚೆ ಬರುತ್ತಿದ್ದರೆ ಮತ್ತೆ ಎಷ್ಟು ವರ್ಷಕ್ಕೆ ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಅದಕ್ಕೆ ಹೂಳನ್ನು ಪದರ ಪದರವಾಗಿ ಕೊರೆದು ತೆಗೆದು ಅಳೆಯಬೇಕು, ಒಂದು ಮಳೆಗಾಲದ ಅಂಕಿಯನ್ನು ಮುಂದಿನ ಮಳೆಗಾಲದ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಹೂಳೆತ್ತಿದ ಕೆರೆಯಲ್ಲಿ ಜೋರು ಮಳೆಯ ನಂತರವೂ ವಾಹಕತೆ ಮತ್ತು ಸರ್ಫ್ಯಾಕ್ಟೆಂಟ್ ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ, ತಳದ ಹಳೆಯ ಸಾಲ ತೀರಿದೆ ಎಂದು ಧೈರ್ಯವಾಗಿ ಹೇಳಬಹುದು. ಸರ್ಫ್ಯಾಕ್ಟೆಂಟ್ ಇಳಿಯದೆ ನಿಂತರೆ ಹೂಳೆತ್ತುವ ಕೆಲಸ ಮುಗಿದಿಲ್ಲ, ಅಥವಾ ಕೊಳಚೆ ಇನ್ನೂ ಬರುತ್ತಿದೆ. ಎರಡರಲ್ಲಿ ಯಾವುದು ಎಂಬುದನ್ನು ಹೇಳಬೇಕಾದದ್ದು ರಾಜಕಾಲುವೆಯಲ್ಲಿ ಅದೇ ಹೊತ್ತಿಗೆ ತುಂಬಿದ ಬಾಟಲಿ.